ನೆಲ್ಲಿನ ತೇವಾಂಶ ಅಳೆಯುವಾಗ ದೋಷವನ್ನು ನಾನು ಲೆಕ್ಕ ಹಾಕುವ ಕ್ರಮ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಧಾನ್ಯ ಪರೀಕ್ಷೆಯ ಕೆಲಸ ನನ್ನದು. ಕೊಯ್ಲಿನ ಕಾಲದಲ್ಲಿ ನೆಲ್ಲು ಬಂದಾಗ ಮೊದಲು ನೋಡುವುದು ತೇವಾಂಶವನ್ನು. ಬೆಂಬಲ ಬೆಲೆಯ ಖರೀದಿಯಲ್ಲಿ ಅದಕ್ಕೆ ಶೇಕಡಾ 17ರ ಮೇಲ್ಮಿತಿ ಇದೆ. ದಿನದ ಕೆಲಸಕ್ಕೆ ಮಾಯಿಶ್ಚರ್ ಮೀಟರ್ ಸಾಕು. ಆದರೆ ಮೀಟರ್ ಸರಿಯಾಗಿದೆಯೇ ಎಂದು ತಿಳಿಯಲು ನೆಲ್ಲನ್ನು ಓವನ್‌ನಲ್ಲಿ ಒಣಗಿಸಿ, ಒಣಗುವ ಮೊದಲು ಮತ್ತು ಒಣಗಿದ ನಂತರ ತೂಗಿ ನೋಡಬೇಕಾಗುತ್ತದೆ. ಅಳತೆಯ ದೋಷವನ್ನು ಹೊಸದಾಗಿ ಕಲಿಯುವವರಿಗೆ ನಾನು ಈ ಪರೀಕ್ಷೆಯನ್ನೇ ತೋರಿಸುತ್ತೇನೆ, ಏಕೆಂದರೆ ಇದರಲ್ಲಿ ಕಳೆಯುವುದು, ಭಾಗಿಸುವುದು, ಗುಣಿಸುವುದು ಮೂರೂ ಬರುತ್ತವೆ.

ನಮ್ಮಲ್ಲಿರುವ ಹಳೆಯ ಡಿಜಿಟಲ್ ತಕ್ಕಡಿ 0.1 ಗ್ರಾಂವರೆಗೆ ತೋರಿಸುತ್ತದೆ. ಅದರ ಕೊನೆಯ ಅಂಕಿ ಒಂದರಷ್ಟು ಆಚೀಚೆ ಇರಬಹುದೆಂದು ನಾನು ಹಿಡಿಯುತ್ತೇನೆ. ಆದ್ದರಿಂದ ಅದರ ಪ್ರತಿಯೊಂದು ಓದಿಕೆಯ ನಿರಪೇಕ್ಷ ದೋಷ 0.1 ಗ್ರಾಂ, ತೂಗುವ ವಸ್ತು ಹಗುರವಿದ್ದರೂ ಭಾರವಿದ್ದರೂ ಇದು ಅಷ್ಟೇ. ಈ ದೋಷವನ್ನು ಅಳತೆಯಿಂದಲೇ ಭಾಗಿಸಿದಾಗ ಸಿಗುವುದು ಸಾಪೇಕ್ಷ ದೋಷ. 35.4 ಗ್ರಾಂ ತೂಗಿದಾಗ ಅದು ಶೇಕಡಾ 0.3ರಷ್ಟು, 1.7 ಗ್ರಾಂ ತೂಗಿದಾಗ ಸುಮಾರು ಶೇಕಡಾ 6ರಷ್ಟು. ಸಾರ್ಥಕ ಅಂಕಿಗಳು ಇದೇ ಸಂಗತಿಯನ್ನು ಬರವಣಿಗೆಯಲ್ಲಿ ತೋರಿಸುತ್ತವೆ: 35.4ರಲ್ಲಿ ಮೂರು ಅಂಕಿಗಳನ್ನು ನಂಬಬಹುದು, 1.7ರಲ್ಲಿ ಎರಡನ್ನು ಮಾತ್ರ, ಮತ್ತು ಎರಡರಲ್ಲಿಯೂ ಕೊನೆಯ ಅಂಕಿ ಸ್ವಲ್ಪ ಸಂಶಯದ್ದು.

ಈಗ ಒಂದು ಪರೀಕ್ಷೆಯನ್ನು ಪೂರ್ತಿಯಾಗಿ ನೋಡೋಣ. ಖಾಲಿ ಬಟ್ಟಲು 25.3 ಗ್ರಾಂ ಇತ್ತು. ಪುಡಿ ಮಾಡಿದ ನೆಲ್ಲು ಹಾಕಿದಾಗ 35.4 ಗ್ರಾಂ, ಒಣಗಿಸಿ ತಣಿಸಿದ ನಂತರ 33.7 ಗ್ರಾಂ ಆಯಿತು. ಹಾಗಾಗಿ ಹಸಿ ನೆಲ್ಲಿನ ತೂಕ 10.1 ಗ್ರಾಂ, ಹೊರಹೋದ ನೀರಿನ ತೂಕ 1.7 ಗ್ರಾಂ. ಎರಡು ಅಳತೆಗಳನ್ನು ಕೂಡಿಸಲಿ, ಕಳೆಯಲಿ, ಅವುಗಳ ನಿರಪೇಕ್ಷ ದೋಷಗಳನ್ನು ಕೂಡಿಸಬೇಕು. ಕಳೆಯುವಾಗ ದೋಷಗಳೂ ಕಳೆದುಹೋಗುತ್ತವೆ ಎಂದು ಹಲವರು ಭಾವಿಸುತ್ತಾರೆ. ಆದರೆ ಒಂದು ಓದಿಕೆ ಮೇಲಕ್ಕೂ ಇನ್ನೊಂದು ಕೆಳಕ್ಕೂ ತಪ್ಪಿರಬಹುದಾದ್ದರಿಂದ ಅತಿ ಕೆಟ್ಟ ಸಂದರ್ಭದಲ್ಲಿ ಅಂತರವು 0.2 ಗ್ರಾಂನಷ್ಟು ತಪ್ಪಿರುತ್ತದೆ. ಹೀಗೆ ಹಸಿ ನೆಲ್ಲು 10.1 ± 0.2 ಗ್ರಾಂ, ನೀರು 1.7 ± 0.2 ಗ್ರಾಂ.

ಇಡೀ ಲೆಕ್ಕದ ಗಂಟು ಇರುವುದು ಇಲ್ಲಿಯೇ. ತಕ್ಕಡಿ ಕೊಟ್ಟ 35.4 ಮತ್ತು 33.7 ಎರಡೂ ಶೇಕಡಾ 0.3ರ ಒಳಗೆ ನಿಖರವಾಗಿದ್ದವು. ಅವು ಒಂದಕ್ಕೊಂದು ಬಹಳ ಹತ್ತಿರ ಇದ್ದುದರಿಂದ ಕಳೆದಾಗ ಮುಂದಿನ ಅಂಕಿಗಳು ಹೋಗಿ ಸಣ್ಣ ಸಂಖ್ಯೆ ಉಳಿಯಿತು, ದೋಷ ಮಾತ್ರ ಹಾಗೆಯೇ ಉಳಿಯಿತಲ್ಲದೆ ದುಪ್ಪಟ್ಟಾಯಿತು. ನೀರಿನ ತೂಕದ ಸಾಪೇಕ್ಷ ದೋಷ 0.2 ಭಾಗ 1.7, ಅಂದರೆ ಸುಮಾರು ಶೇಕಡಾ 12. ಅಳೆಯಬೇಕಾದದ್ದು ಎರಡು ದೊಡ್ಡ ಸಂಖ್ಯೆಗಳ ಸಣ್ಣ ಅಂತರವಾಗಿದ್ದರೆ, ಬೇರೆ ಯಾವ ಕಡೆ ನೋಡುವುದಕ್ಕಿಂತ ಮೊದಲು ನಾನು ಆ ಅಂತರವನ್ನೇ ನೋಡುತ್ತೇನೆ.

ಗುಣಾಕಾರ ಮತ್ತು ಭಾಗಾಕಾರದಲ್ಲಿ ಕೂಡಿಸಬೇಕಾದದ್ದು ಸಾಪೇಕ್ಷ ದೋಷಗಳನ್ನು. ತೇವಾಂಶ ಎಂದರೆ 1.7 ಭಾಗ 10.1. ಕ್ಯಾಲ್ಕುಲೇಟರ್ ಇದಕ್ಕೆ ಶೇಕಡಾ 16.831683 ಎಂದು ತೋರಿಸುತ್ತದೆ. ನೀರಿನ ಸಾಪೇಕ್ಷ ದೋಷ ಶೇಕಡಾ 11.8, ಹಸಿ ನೆಲ್ಲಿನದು ಶೇಕಡಾ 2.0, ಒಟ್ಟು ಶೇಕಡಾ 13.8. ಇದನ್ನು 16.83ರಿಂದ ಗುಣಿಸಿದರೆ ತೇವಾಂಶದ ನಿರಪೇಕ್ಷ ದೋಷ 2.3 ಬರುತ್ತದೆ. ದೋಷವನ್ನು ಒಂದೇ ಅಂಕಿಗೆ ಇಳಿಸಿ, ಉತ್ತರವನ್ನೂ ಅದೇ ಸ್ಥಾನಕ್ಕೆ ನಿಲ್ಲಿಸಿದರೆ ಫಲಿತಾಂಶ ಶೇಕಡಾ 17 ± 2. ಈ ನೆಲ್ಲು 17ರ ಮಿತಿಯ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಈ ಅಳತೆ ಹೇಳಲಾರದು. 16.83 ಎಂದು ಬರೆದು ನೆಲ್ಲು ಪಾಸಾಯಿತು ಎಂದರೆ, ಅಳತೆಯಲ್ಲಿ ಇಲ್ಲದ ನಿಖರತೆಯ ಮೇಲೆ ರೈತರ ಮಾಲನ್ನು ನಿರ್ಧರಿಸಿದಂತಾಗುತ್ತದೆ. ಅಂದಹಾಗೆ ಅಂಕಿಗಳನ್ನು ಇಳಿಸುವುದು ಕೊನೆಯಲ್ಲಿ ಮಾತ್ರ. ನಡುವಿನ ಹೆಜ್ಜೆಗಳಲ್ಲಿ ಒಂದೆರಡು ಅಂಕಿಗಳನ್ನು ಹೆಚ್ಚಾಗಿಯೇ ಇಟ್ಟುಕೊಳ್ಳಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. 35.4 ಎಂಬ ಓದಿಕೆ ಭಾಗಾಕಾರದ ಮೇಲಿನ ಸಂಖ್ಯೆಯಾದ 1.7ರಲ್ಲಿಯೂ ಕೆಳಗಿನ ಸಂಖ್ಯೆಯಾದ 10.1ರಲ್ಲಿಯೂ ಸೇರಿದೆ. ಅದು ಹೆಚ್ಚಾಗಿ ತಪ್ಪಿದ್ದರೆ ಎರಡೂ ಒಟ್ಟಿಗೆ ಹೆಚ್ಚುತ್ತವೆ, ಹಾಗಾಗಿ ಸ್ವಲ್ಪ ಮಟ್ಟಿಗೆ ತಪ್ಪು ತಾನೇ ಸರಿಹೋಗುತ್ತದೆ. ಕೂಡಿಸುವ ನಿಯಮಗಳು ಇದನ್ನು ಗಮನಿಸುವುದಿಲ್ಲ. ಮೂರು ಓದಿಕೆಗಳನ್ನು ಒಂದೊಂದಾಗಿ 0.1 ಗ್ರಾಂ ಬದಲಿಸಿ ಉತ್ತರ ಎಷ್ಟು ಸರಿಯುತ್ತದೆಂದು ನೋಡಿ, ಆ ಮೂರನ್ನೂ ಕೂಡಿಸಿದರೆ 2.3ರ ಬದಲು 2.0 ಬರುತ್ತದೆ. ಹೊಸಬರು ನಿಯಮದಂತೆಯೇ ನಡೆದರೆ ಸಾಕು, ಏಕೆಂದರೆ ಇಲ್ಲಿ ಅದು ದೋಷವನ್ನು ಸ್ವಲ್ಪ ಹೆಚ್ಚಾಗಿ ಹೇಳುತ್ತದೆಯೇ ಹೊರತು ಕಡಿಮೆಯಾಗಿ ಹೇಳುವುದಿಲ್ಲ.

ದೋಷ ಎಲ್ಲಿಂದ ಬಂತೆಂದು ಗೊತ್ತಾದ ಮೇಲೆ ದಾರಿ ಎರಡು. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಅದೇ ಬಟ್ಟಲನ್ನು ಮೂರೂ ಹಂತಗಳಲ್ಲಿ ತೂಗಿದಾಗ 25.31, 35.42 ಮತ್ತು 33.74 ಗ್ರಾಂ ಬಂದವು. ನೀರು 1.68 ± 0.02, ಹಸಿ ನೆಲ್ಲು 10.11 ± 0.02, ಸಾಪೇಕ್ಷ ದೋಷಗಳ ಮೊತ್ತ ಶೇಕಡಾ 1.4, ತೇವಾಂಶ ಶೇಕಡಾ 16.6 ± 0.2. ಈಗ ಮಿತಿಯ ಒಳಗಿದೆ ಎಂದು ಹೇಳಬಹುದು. ಅಂಥ ತಕ್ಕಡಿ ಇಲ್ಲದವರು ಹಳೆಯದರಲ್ಲಿಯೇ ಅಗಲವಾದ ತಟ್ಟೆಯಲ್ಲಿ 100 ಗ್ರಾಂ ಸುಮಾರು ನೆಲ್ಲು ಇಟ್ಟುಕೊಳ್ಳಬಹುದು. ಆಗ ನೀರು 16.7 ± 0.2 ಗ್ರಾಂ ಆಗಿ, ಮೂರು ಸಾರ್ಥಕ ಅಂಕಿಗಳು ಸಿಗುತ್ತವೆ, ಮತ್ತು ತೇವಾಂಶದ ದೋಷ ಮತ್ತೆ 0.2ಕ್ಕೇ ಇಳಿಯುತ್ತದೆ. ನಾನು ಹೆಚ್ಚಾಗಿ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ಒಣಗಲು ಹೆಚ್ಚು ಹೊತ್ತು ಬೇಕೆಂಬುದೊಂದೇ ಅದರ ತೊಂದರೆ.

ಗುಣಾಕಾರಕ್ಕೆ ಲಾರಿಯ ಲೆಕ್ಕವನ್ನು ನೋಡಿ. 10 ಕಿಲೋ ಹೆಜ್ಜೆಗಳಲ್ಲಿ ತೂಕ ತೋರಿಸುವ ವೇಬ್ರಿಜ್‌ನಲ್ಲಿ ತುಂಬಿದ ಲಾರಿ 27,460 ಕಿಲೋ, ಖಾಲಿ ಲಾರಿ 9,980 ಕಿಲೋ ಇದ್ದರೆ ನೆಲ್ಲು 17,480 ± 20 ಕಿಲೋ. ಸಾಪೇಕ್ಷ ದೋಷ ಶೇಕಡಾ 0.1 ಮಾತ್ರ. ಅದರಲ್ಲಿರುವ ನೀರು ತಿಳಿಯಲು ಇದನ್ನು ಶೇಕಡಾ 16.6ರಿಂದ ಗುಣಿಸಿದಾಗ ದೋಷಗಳು 1.4 ಮತ್ತು 0.1 ಸೇರಿ ಶೇಕಡಾ 1.5 ಆಗುತ್ತವೆ. ನೀರು 2.90 ± 0.04 ಟನ್. ಇದನ್ನು 2,900 ಕಿಲೋ ಎಂದಷ್ಟೇ ಬರೆದರೆ ಕೊನೆಯ ಸೊನ್ನೆಗಳಲ್ಲಿ ಯಾವುದು ಅಳೆದದ್ದು, ಯಾವುದು ಸ್ಥಾನ ತುಂಬಲು ಬಂದದ್ದು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಟನ್ನಿನಲ್ಲಿ ಬರೆಯುತ್ತೇನೆ. ವೇಬ್ರಿಜ್ ಇನ್ನಷ್ಟು ನಿಖರವಾಗಿದ್ದರೂ ಈ ಉತ್ತರ ಸುಧಾರಿಸುವುದಿಲ್ಲ, ಏಕೆಂದರೆ ದೋಷದ ಬಹುಪಾಲು ತೇವಾಂಶದ್ದು.

ಈ ಲೆಕ್ಕವೆಲ್ಲ ತಕ್ಕಡಿಯ ಓದಿಕೆಯ ದೋಷಕ್ಕೆ ಮಾತ್ರ ಸಂಬಂಧಿಸಿದ್ದು. ಬಟ್ಟಲನ್ನು ಬಿಸಿಯಾಗಿರುವಾಗಲೇ ತೂಗಿದರೆ ಮೇಲೇಳುವ ಗಾಳಿಯಿಂದ ತೂಕ ಕಡಿಮೆ ತೋರಿ ತೇವಾಂಶ ಹೆಚ್ಚು ಬರುತ್ತದೆ. ತೆರೆದಿಟ್ಟು ತಣಿಸಿದರೆ ಪುಡಿ ಗಾಳಿಯ ತೇವವನ್ನು ಹೀರಿ ತೇವಾಂಶ ಕಡಿಮೆ ಬರುತ್ತದೆ. ಪೂರ್ತಿ ಒಣಗಿಲ್ಲದಿದ್ದರೂ ಕಡಿಮೆಯೇ ಬರುತ್ತದೆ. ಆದ್ದರಿಂದ ಒಳಗಿನ ಗಾಳಿಯನ್ನು ಒಣಗಿಯೇ ಇಡುವ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ತಣಿಸಿ ತೂಗಿದ ಬಟ್ಟಲನ್ನು ಮತ್ತೆ ಅರ್ಧ ಗಂಟೆ ಓವನ್‌ನಲ್ಲಿಟ್ಟು, ತಣಿಸಿ ತೂಗುತ್ತೇನೆ. ತೂಕ ಇಳಿದಿದ್ದರೆ ಒಣಗುವುದು ಇನ್ನೂ ಮುಗಿದಿಲ್ಲ. ನಂತರ ಅದೇ ಮಾಲಿನಿಂದ ಮೂರು ಮಾದರಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತೇನೆ. ಅವುಗಳ ಫಲಿತಾಂಶಗಳು ಲೆಕ್ಕದಲ್ಲಿ ಬಂದ ± 0.2ಕ್ಕಿಂತ ಬಹಳ ದೂರ ಹರಡಿದ್ದರೆ ತಕ್ಕಡಿಯನ್ನು ಬಿಟ್ಟು, ಮಾದರಿ ತೆಗೆದ ಚೀಲಗಳನ್ನೂ ಪುಡಿ ಮಾಡಿದ ರೀತಿಯನ್ನೂ ನೋಡಲು ಹೋಗುತ್ತೇನೆ.