ಒಂದೇ ಫ್ಲಾಸ್ಕ್, ಹತ್ತು ಬಣ್ಣ: ಬೆಳಕನ್ನು ನೋಡಿ ನ್ಯಾನೋಕಣದ ಗಾತ್ರ ಹೇಳುವುದು ಹೇಗೆ?

ಕ್ಯಾಡ್ಮಿಯಂ ಸೆಲೆನೈಡ್‌ನ ದೊಡ್ಡ ಹರಳು ಕಣ್ಣಿಗೆ ಕಪ್ಪಾಗಿಯೇ ಕಾಣುತ್ತದೆ. ಅದೇ ವಸ್ತುವನ್ನು 3 ನ್ಯಾನೋಮೀಟರ್ ಅಗಲದ ಕಣಗಳಾಗಿ ಬೆಳೆಸಿ ಅತಿನೇರಳೆ ದೀಪದ ಮುಂದೆ ಹಿಡಿದರೆ ಹಳದಿ ಮಿಶ್ರಿತ ಹಸಿರು ಬೆಳಕು ಬರುತ್ತದೆ. ಕಣ 5.6 ನ್ಯಾನೋಮೀಟರ್ ಆದಾಗ ಅದು ಕೆಂಪು. ವಸ್ತು ಅದೇ, ಹರಳಿನ ಜೋಡಣೆಯೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಅಳತೆ ಮಾತ್ರ. ಈ ಕಣಗಳಿಗೆ ಕ್ವಾಂಟಮ್ ಡಾಟ್ ಎಂದು ಹೆಸರು.

ಮೊದಲು ಕಾರಣ

ಅರೆವಾಹಕದ ಮೇಲೆ ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲಿನ ಶಕ್ತಿಪಟ್ಟಿಗೆ ಜಿಗಿಯುತ್ತದೆ, ಅದು ಬಿಟ್ಟುಹೋದ ಜಾಗ ‘ರಂಧ್ರ’ವಾಗಿ ಉಳಿಯುತ್ತದೆ. ಎರಡೂ ಮತ್ತೆ ಕೂಡಿದಾಗ ಆ ಶಕ್ತಿ ಬೆಳಕಾಗಿ ಹೊರಬರುತ್ತದೆ. ದೊಡ್ಡ ಹರಳಿನಲ್ಲಿ ಈ ಜಿಗಿತಕ್ಕೆ ಬೇಕಾದ ಶಕ್ತಿ ಸುಮಾರು 1.74 ಎಲೆಕ್ಟ್ರಾನ್‌ವೋಲ್ಟ್. 1240ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ: 713 ನ್ಯಾನೋಮೀಟರ್, ಕಣ್ಣು ಗುರುತಿಸಬಲ್ಲ ಕೆಂಪಿನ ಕೊಟ್ಟಕೊನೆ.

ಎಲೆಕ್ಟ್ರಾನ್ ಮತ್ತು ರಂಧ್ರ ಪರಸ್ಪರ ಸೆಳೆತದಲ್ಲಿ ಜೋಡಿಯಾಗಿ ಸುತ್ತಾಡಲು ಒಂದಿಷ್ಟು ಜಾಗ ಬೇಕು. ಈ ವಸ್ತುವಿನಲ್ಲಿ ಆ ಜೋಡಿಯ ತ್ರಿಜ್ಯ 5 ನ್ಯಾನೋಮೀಟರ್‌ಗಿಂತ ತುಸು ಹೆಚ್ಚು. ಕಣವೇ ಅದಕ್ಕಿಂತ ಚಿಕ್ಕದಾದರೆ ಎಲೆಕ್ಟ್ರಾನಿನ ಅಲೆ ಗೋಡೆಗಳ ನಡುವೆ ಇಕ್ಕಟ್ಟಿಗೆ ಸಿಲುಕುತ್ತದೆ. ತಂತಿಯನ್ನು ಗಿಡ್ಡ ಮಾಡಿದರೆ ಸ್ವರ ಏರುವಂತೆ ಇಲ್ಲಿ ಶಕ್ತಿ ಏರುತ್ತದೆ. ಈ ಹೋಲಿಕೆಯನ್ನು ತುಂಬಾ ದೂರ ಎಳೆಯಬಾರದು. ತಂತಿಯ ಉದ್ದ ಅರ್ಧವಾದರೆ ಕಂಪನ ಎರಡು ಪಟ್ಟಾಗುತ್ತದೆ, ಆದರೆ ಎಲೆಕ್ಟ್ರಾನಿನ ಪೆಟ್ಟಿಗೆ ಅರ್ಧವಾದರೆ ಅದರ ಚಲನೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಈ ವ್ಯತ್ಯಾಸವೇ ಮುಂದೆ ಪ್ರಯೋಗಾಲಯದಲ್ಲಿ ತಲೆನೋವಾಗುತ್ತದೆ.

ಕಣ ಬೆಳೆಸುವ ಹೆಜ್ಜೆಗಳು

ಕ್ಯಾಡ್ಮಿಯಂ ವಿಷ. ಆದ್ದರಿಂದ ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಕೈಗವಸು, ಹೊಗೆ ಹೀರುವ ಹುಡ್, ತ್ಯಾಜ್ಯಕ್ಕೆ ಬೇರೆ ಡಬ್ಬಿ, ಇವಿಲ್ಲದೆ ಆರಂಭಿಸುವಂತಿಲ್ಲ.

ಬೋಧನಾ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಕ್ರಮ ಹೀಗಿದೆ. ಒಂದು ಫ್ಲಾಸ್ಕ್‌ನಲ್ಲಿ ಸುಮಾರು 13 ಮಿಲಿಗ್ರಾಂ ಕ್ಯಾಡ್ಮಿಯಂ ಆಕ್ಸೈಡ್, ಅರ್ಧ ಮಿಲಿಲೀಟರ್‌ಗಿಂತ ಸ್ವಲ್ಪ ಹೆಚ್ಚು ಓಲಿಯಿಕ್ ಆಮ್ಲ ಮತ್ತು 10 ಮಿಲಿಲೀಟರ್ ಆಕ್ಟಾಡೆಸೀನ್ ಹಾಕಿ ಬಿಸಿ ಮಾಡುತ್ತಾರೆ. ಕಂದು ಪುಡಿ ಕರಗಿ ದ್ರವ ತಿಳಿಯಾಗುವವರೆಗೆ ಕಾಯಬೇಕು. ಪುಡಿ ಉಳಿದಿರುವಾಗ ಮುಂದೆ ಹೋದರೆ ಕ್ಯಾಡ್ಮಿಯಂ ಎಷ್ಟು ಸೇರಿದೆ ಎಂಬ ಲೆಕ್ಕವೇ ತಪ್ಪುತ್ತದೆ. ಸೆಲೆನಿಯಂ ಪುಡಿಯನ್ನು ಟ್ರೈಆಕ್ಟೈಲ್‌ಫಾಸ್ಫೀನ್ ಬೆರೆಸಿದ ಆಕ್ಟಾಡೆಸೀನ್‌ನಲ್ಲಿ ಬೇರೆಯಾಗಿ ಕರಗಿಸಿಟ್ಟುಕೊಂಡಿರುತ್ತಾರೆ.

ಫ್ಲಾಸ್ಕ್ 225 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಈ ಸೆಲೆನಿಯಂ ದ್ರಾವಣದ ಒಂದು ಮಿಲಿಲೀಟರನ್ನು ಸಿರಿಂಜ್‌ನಿಂದ ಒಂದೇ ಏಟಿಗೆ ಚುಚ್ಚಬೇಕು. ‘ಒಂದೇ ಏಟಿಗೆ’ ಎಂಬುದು ಅಲಂಕಾರದ ಮಾತಲ್ಲ. ದ್ರಾವಣ ಥಟ್ಟನೆ ಬಿದ್ದಾಗ ಬೀಜಕಣಗಳೆಲ್ಲ ಒಂದೇ ಕ್ಷಣದಲ್ಲಿ ಹುಟ್ಟಿ ಜೊತೆಜೊತೆಗೆ ಬೆಳೆಯುತ್ತವೆ. ಹನಿಹನಿಯಾಗಿ ಬಿಟ್ಟರೆ ಮೊದಲು ಹುಟ್ಟಿದವು ದೊಡ್ಡವಾಗಿರುತ್ತವೆ, ಕೊನೆಯವು ಸಣ್ಣವಾಗಿ ಉಳಿಯುತ್ತವೆ, ಬಣ್ಣ ಕಲಸಿಹೋಗುತ್ತದೆ. ಬಿಸಿ ದ್ರವಕ್ಕೆ ಹೀಗೆ ಚುಚ್ಚುವ ವಿಧಾನವನ್ನು 1993ರಲ್ಲಿ ಮೌಂಗಿ ಬಾವೆಂಡಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. 2023ರ ರಸಾಯನವಿಜ್ಞಾನ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು.

ಆಮೇಲೆ ಬಿಡುವಿಲ್ಲ. ಕೆಲವೇ ಸೆಕೆಂಡುಗಳಿಗೊಮ್ಮೆ ಸ್ವಲ್ಪ ಸ್ವಲ್ಪ ದ್ರವವನ್ನು ಹೊರತೆಗೆದು ತಣ್ಣನೆಯ ಸೀಸೆಗೆ ಹಾಕಬೇಕು. ತಣಿದ ಕೂಡಲೇ ಬೆಳವಣಿಗೆ ನಿಲ್ಲುತ್ತದೆ. ಕೋಣೆಯ ಬೆಳಕಿನಲ್ಲಿ ಮೊದಲ ಸೀಸೆ ತಿಳಿಹಳದಿ, ಕೊನೆಯದು ಕಿತ್ತಳೆ. ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಅತಿನೇರಳೆ ದೀಪ ಹಾಯಿಸಿದರೆ ನೀಲಿಹಸಿರಿನಿಂದ ಕಿತ್ತಳೆಯವರೆಗೆ ಬಣ್ಣಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಕೆಂಪು ಬೇಕಿದ್ದವರು ಫ್ಲಾಸ್ಕನ್ನು ಇನ್ನೂ ಹೆಚ್ಚು ಹೊತ್ತು ಬಿಸಿಯಲ್ಲಿಡಬೇಕು.

ಗಾತ್ರ ಓದುವುದು

ಸೀಸೆಯ ದ್ರವ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದನ್ನು ರೋಹಿತಮಾಪಕದಲ್ಲಿ ನೋಡಬೇಕು. ಕೆಂಪು ತುದಿಯಿಂದ ನೀಲಿಯ ಕಡೆಗೆ ಬರುವಾಗ ಸಿಗುವ ಮೊದಲ ಉಬ್ಬೇ ನಮಗೆ ಬೇಕಾದದ್ದು. ಹೊಮ್ಮುವ ಬೆಳಕಿನ ಶಿಖರ ಅದಕ್ಕಿಂತ ಹತ್ತು ಇಪ್ಪತ್ತು ನ್ಯಾನೋಮೀಟರ್‌ನಷ್ಟು ಕೆಂಪಿನ ಕಡೆಗಿರುತ್ತದೆ.

ಒಂದು ಸೀಸೆಯಲ್ಲಿ ಆ ಉಬ್ಬು 550 ನ್ಯಾನೋಮೀಟರ್ ತರಂಗಾಂತರದಲ್ಲಿ ಬಂತು ಎನ್ನಿ. 1240ನ್ನು 550ರಿಂದ ಭಾಗಿಸಿದರೆ 2.25 ಎಲೆಕ್ಟ್ರಾನ್‌ವೋಲ್ಟ್. ದೊಡ್ಡ ಹರಳಿನ 1.74ನ್ನು ಕಳೆದರೆ ಇಕ್ಕಟ್ಟಿನಿಂದ ಬಂದ ಏರಿಕೆ ಸುಮಾರು ಅರ್ಧ ಎಲೆಕ್ಟ್ರಾನ್‌ವೋಲ್ಟ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆದು ಸಿದ್ಧಪಡಿಸಿದ ಮಾಪನ ರೇಖೆಯ ಪ್ರಕಾರ 550 ಎಂದರೆ 3.0 ನ್ಯಾನೋಮೀಟರ್ ವ್ಯಾಸ. ಅಂದರೆ ಕಣದಲ್ಲಿ ಇರುವುದು ಹೆಚ್ಚೆಂದರೆ ಐನೂರು ಚಿಲ್ಲರೆ ಪರಮಾಣು.

ರೇಖೆ ಏಕೆ, ಸೂತ್ರ ಸಾಲದೇ? ಲೂಯಿ ಬ್ರಸ್ 1980ರ ದಶಕದಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ. ಮೂಲ ಶಕ್ತಿಗೆ ಇಕ್ಕಟ್ಟಿನ ಶಕ್ತಿಯನ್ನು ಕೂಡಿಸಿ, ಎಲೆಕ್ಟ್ರಾನ್ ಮತ್ತು ರಂಧ್ರದ ಸೆಳೆತವನ್ನು ಕಳೆಯುವುದು ಅದರ ತಿರುಳು. 5.6 ನ್ಯಾನೋಮೀಟರ್ ಕಣಕ್ಕೆ ಲೆಕ್ಕ ಹಾಕಿದರೆ ಸೂತ್ರ 583 ಎನ್ನುತ್ತದೆ, ನಿಜವಾದ ಉಬ್ಬು 620ರಲ್ಲಿದೆ. ತಪ್ಪಾದರೂ ಸಹಿಸಬಹುದು. ಆದರೆ 3 ನ್ಯಾನೋಮೀಟರ್ ಕಣಕ್ಕೆ ಅದೇ ಸೂತ್ರ ಸುಮಾರು 390 ಎಂದು ಹೇಳಿ ಅತಿನೇರಳೆಯ ಅಂಚಿಗೆ ಓಡುತ್ತದೆ. ಕಣದ ಗೋಡೆ ಅಭೇದ್ಯ ಎಂದು ಸೂತ್ರ ನಂಬಿದೆ. ನಿಜದಲ್ಲಿ ಅಲೆ ಗೋಡೆಯಾಚೆಗೂ ಸ್ವಲ್ಪ ಸೋರುತ್ತದೆ, ಹಾಗಾಗಿ ಅದಕ್ಕೆ ಲೆಕ್ಕಕ್ಕಿಂತ ಹೆಚ್ಚು ಜಾಗ ಸಿಕ್ಕಿರುತ್ತದೆ. ಶಕ್ತಿ ಏರಿದಂತೆ ಎಲೆಕ್ಟ್ರಾನಿನ ಪರಿಣಾಮಕಾರಿ ದ್ರವ್ಯರಾಶಿಯೂ ಒಂದೇ ಸಮನಾಗಿ ಉಳಿಯುವುದಿಲ್ಲ. ಸೂತ್ರ ಕಾರಣವನ್ನು ತಿಳಿಯಲು ಒಳ್ಳೆಯದು, ಗಾತ್ರ ಓದಲು ರೇಖೆಯೇ ಸರಿ.

ಎಲ್ಲಿ ಕೆಡುತ್ತದೆ

ಇನ್ನು ಆ ತಲೆನೋವಿನ ಮಾತು. ಉಬ್ಬು 550ರಿಂದ 560ಕ್ಕೆ ಸರಿಯಲು ಕಣ ಬೆಳೆಯಬೇಕಾದದ್ದು ಬರೀ 0.2 ನ್ಯಾನೋಮೀಟರ್, ಒಂದು ಪರಮಾಣುವಿನ ಅಗಲಕ್ಕೆ ಹತ್ತಿರದ ಅಳತೆ. 620ರಿಂದ 630ಕ್ಕೆ ಹೋಗಲು ಬೇಕಾದದ್ದು 0.6. ಆದ್ದರಿಂದ ಹಸಿರು ಕಣಗಳಲ್ಲಿ ಗಾತ್ರ ಒಂಚೂರು ಏರುಪೇರಾದರೂ ಬಣ್ಣ ಮಸುಕಾಗುತ್ತದೆ, ಕೆಂಪು ಕಣಗಳು ಅಷ್ಟು ಏರುಪೇರನ್ನು ತಡೆದುಕೊಳ್ಳುತ್ತವೆ. ಹೊಮ್ಮುವ ಬೆಳಕಿನ ಶಿಖರದ ಅಗಲ, ಅರ್ಧ ಎತ್ತರದಲ್ಲಿ ಅಳೆದಾಗ, ಮೂವತ್ತು ನ್ಯಾನೋಮೀಟರ್ ಆಸುಪಾಸಿನಲ್ಲಿದ್ದರೆ ಕೆಲಸ ಚೆನ್ನಾಗಿದೆ. ಐವತ್ತಕ್ಕೆ ಹೋದರೆ ಚುಚ್ಚುವ ಕೈ ತಡವರಿಸಿದೆ, ಇಲ್ಲವೇ ಬಿಸಿಯಲ್ಲಿ ಅತಿಯಾಗಿ ಬಿಟ್ಟಿದ್ದೀರಿ. ಸೆಲೆನಿಯಂ ತೀರುತ್ತ ಬಂದಾಗ ಸಣ್ಣ ಕಣಗಳು ಕರಗಿ ದೊಡ್ಡವನ್ನು ಬೆಳೆಸುತ್ತವೆ, ಅಂತರ ಹೆಚ್ಚುತ್ತ ಹೋಗುತ್ತದೆ.

ಸರಿಯಾದ ಶಿಖರದ ಪಕ್ಕದಲ್ಲಿ, ಕೆಂಪಿನ ಕಡೆಗೆ, ಮಂಕಾದ ಅಗಲವಾದ ದಿಬ್ಬವೊಂದು ಕಂಡರೆ ಅದಕ್ಕೆ ಗಾತ್ರ ಕಾರಣವಲ್ಲ. ಮೇಲ್ಮೈಯಲ್ಲಿ ಜೋಡಿ ಸಿಗದೆ ಉಳಿದ ಪರಮಾಣುಗಳು ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಂಡಿವೆ. ಸೀಸೆಯನ್ನು ಗಾಳಿ ಬೆಳಕಿನಲ್ಲಿ ಬಿಟ್ಟರೆ ಇನ್ನೊಂದು ತೊಂದರೆ: ಹೊರಪದರ ಆಕ್ಸಿಡೀಕರಣಗೊಂಡು ಒಳಗಿನ ಹರಳು ಸವೆಯುತ್ತದೆ, ಬಣ್ಣ ನಿಧಾನವಾಗಿ ನೀಲಿಯ ಕಡೆಗೆ ಹಿಂದೆ ಸರಿಯುತ್ತದೆ.

ಎರಡಕ್ಕೂ ಮದ್ದು ಸತು ಸಲ್ಫೈಡ್‌ನ ತೆಳು ಕವಚ. ಅದನ್ನು ಹೊದಿಸಿದ ಮೇಲೆ ಬೆಳಕು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಜೊತೆಗೆ ಒಳಗಿನ ಕಣ ಒಂದಿಷ್ಟೂ ಬೆಳೆಯದಿದ್ದರೂ ಶಿಖರ ಕೆಲವು ನ್ಯಾನೋಮೀಟರ್ ಕೆಂಪಿಗೆ ಜಾರುತ್ತದೆ. ಎಲೆಕ್ಟ್ರಾನಿನ ಅಲೆ ಈಗ ಕವಚದೊಳಕ್ಕೂ ಸ್ವಲ್ಪ ಸೋರುತ್ತಿದೆ.