ದಿನಕ್ಕೆ 134 ಕಪ್ ಮಾರಿದರೆ ಸಾಕು ಅಂದುಕೊಂಡಿದ್ದೆ

ಟೀ ಅಂಗಡಿ ಹಾಕಿ ಮೂರು ತಿಂಗಳಾಗಿತ್ತು. ಜನ ಬರುತ್ತಿದ್ದರು, ಒಲೆಗೆ ಬಿಡುವಿರಲಿಲ್ಲ. ಆದರೆ ತಿಂಗಳ ಕೊನೆಗೆ ಬಾಡಿಗೆ, ಸಂಬಳ ಎಲ್ಲ ಕೊಟ್ಟ ಮೇಲೆ ಗಲ್ಲಾದಲ್ಲಿ ಏನೂ ಇರುತ್ತಿರಲಿಲ್ಲ. ದೊಡ್ಡ ಸಾಲವೂ ಇಲ್ಲ, ಉಳಿತಾಯವೂ ಇಲ್ಲ. ಅಂಗಡಿ ಅಸಲಿಗೆ ಅಸಲು ನಡೀತಿದೆ, ಜನ ಇನ್ನೂ ಸ್ವಲ್ಪ ಜಾಸ್ತಿಯಾದರೆ ಲಾಭ ಶುರುವಾಗುತ್ತದೆ ಅಂತ ನಂಬಿಕೊಂಡಿದ್ದೆ. ಎಷ್ಟು ಜಾಸ್ತಿ ಅಂತ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಭಾನುವಾರ ನೋಟ್‌ಬುಕ್ ತೆಗೆದುಕೊಂಡು ಕೂತೆ. ಖರ್ಚುಗಳನ್ನು ಎರಡು ಭಾಗ ಮಾಡಬೇಕು ಅನ್ನುವುದು ಗೊತ್ತಿತ್ತು. ಯಾವುದು ಎಲ್ಲಿಗೆ ಸೇರುತ್ತದೆ ಅಂತ ನೋಡಲು ಒಂದೇ ಪ್ರಶ್ನೆ ಇಟ್ಟುಕೊಂಡೆ: ಇವತ್ತು ಅಂಗಡಿ ತೆರೆದು ಒಂದು ಕಪ್ಪೂ ಮಾರದೆ ಕೂತರೆ ಈ ಖರ್ಚು ಬರುತ್ತದಾ? ಬರುತ್ತದೆ ಅಂದರೆ ಅದು ಸ್ಥಿರ ವೆಚ್ಚ. ಬರುವುದಿಲ್ಲ ಅಂದರೆ ಬದಲಾಗುವ ವೆಚ್ಚ.

ಬಾಡಿಗೆ ತಿಂಗಳಿಗೆ 6,000 ರೂಪಾಯಿ. ಸಹಾಯಕ್ಕೆ ಇದ್ದವರ ಸಂಬಳ 9,000. ಕರೆಂಟ್, ನೀರು ಸೇರಿ 1,400. ಇವು ಮೂರೂ ಮಾರಾಟ ಆಗಲಿ ಬಿಡಲಿ ಬಂದೇ ಬರುತ್ತವೆ. ಇನ್ನೊಂದನ್ನು ನಾನು ಮೊದಲು ಬರೆದೇ ಇರಲಿಲ್ಲ. ಒಲೆ, ಪಾತ್ರೆ, ಗಾಡಿ ಎಲ್ಲ ಸೇರಿ ಶುರುವಿನಲ್ಲಿ 36,000 ಹಾಕಿದ್ದೆ. ಮೂರು ವರ್ಷ ಬಾಳಿಕೆ ಬಂದರೆ ತಿಂಗಳಿಗೆ 1,000 ರೂಪಾಯಿಯಷ್ಟು ಸವೆಯುತ್ತದೆ. ಯಾರೂ ಬಂದು ಕೈಚಾಚಿ ಕೇಳುವುದಿಲ್ಲ, ಆದರೂ ಅದು ಖರ್ಚೇ. ಒಟ್ಟು 17,400.

ಗ್ಯಾಸ್ ಮಾತ್ರ ಸ್ವಲ್ಪ ತಲೆ ತಿಂದಿತು. ಟೀ ಕುದಿಸಲು ಉರಿಯುವ ಗ್ಯಾಸ್ ಕಪ್ಪಿನ ಲೆಕ್ಕಕ್ಕೆ ಸೇರುತ್ತದೆ. ಮಾಡಿಟ್ಟ ಟೀ ಬಿಸಿಯಾಗಿರಲಿ ಅಂತ ಸಣ್ಣ ಬರ್ನರ್ ದಿನವಿಡೀ ಉರಿಯುತ್ತದಲ್ಲ, ಅದು ಜನ ಬಂದರೂ ಒಂದೇ, ಬರದಿದ್ದರೂ ಒಂದೇ. ಎರಡನ್ನೂ ಬೇರೆ ಮಾಡಿ ಅಳೆಯುವ ತಾಳ್ಮೆ ನನಗಿರಲಿಲ್ಲ. ಪೂರ್ತಿ ಬದಲಾಗುವ ವೆಚ್ಚಕ್ಕೇ ಹಾಕಿದೆ.

ಆಮೇಲೆ ಒಂದು ಕಪ್ಪಿನ ಲೆಕ್ಕ. ಒಂದು ಲೀಟರ್ ಹಾಲಿಗೆ 600 ಎಂಎಲ್ ನೀರು ಹಾಕುತ್ತೇನೆ. ಕುದಿಯುವಾಗ ಆವಿಯಾಗಿ ಹೋಗುವುದು, ಸೋಸಿದ ಮೇಲೆ ಚರಟದಲ್ಲಿ ಉಳಿಯುವುದು ಕಳೆದರೆ ಸುಮಾರು 1,450 ಎಂಎಲ್ ಸಿಗುತ್ತದೆ. 90 ಎಂಎಲ್ ಲೆಕ್ಕದಲ್ಲಿ 16 ಕಪ್. ಹಾಲು 50 ರೂಪಾಯಿ, ಟೀ ಪುಡಿ 30 ಗ್ರಾಂಗೆ 12, ಸಕ್ಕರೆ 5, ಗ್ಯಾಸ್ 4, ಶುಂಠಿ 1. ಒಟ್ಟು 72 ರೂಪಾಯಿ, ಅಂದರೆ ಕಪ್ಪಿಗೆ ನಾಲ್ಕೂವರೆ. ಪೇಪರ್ ಕಪ್ ಅರ್ಧ ರೂಪಾಯಿ. ಸರಿಯಾಗಿ 5 ರೂಪಾಯಿ ಬಂತು.

ಮಾರುವ ಬೆಲೆ 10. ಹಾಗಾದರೆ ಪ್ರತಿ ಕಪ್ಪಿನಲ್ಲೂ 5 ರೂಪಾಯಿ ಉಳಿಯುತ್ತದೆ. ಈ 5 ರೂಪಾಯಿಯನ್ನು ಲಾಭ ಅನ್ನಬಾರದು. ಅದು ಮೊದಲು ಬಾಡಿಗೆ, ಸಂಬಳದ ಗುಂಡಿ ತುಂಬಬೇಕು. ಗುಂಡಿ ತುಂಬಿದ ಮೇಲೆ ಬರುವ ಕಪ್ಪಿನಲ್ಲಿ ಮಾತ್ರ ಲಾಭ. ಗುಂಡಿ ತುಂಬುವ ಆ ಜಾಗವೇ ಬ್ರೇಕ್ ಈವನ್ ಪಾಯಿಂಟ್. 17,400 ಅನ್ನು 5ರಿಂದ ಭಾಗಿಸಿದರೆ ತಿಂಗಳಿಗೆ 3,480 ಕಪ್. ತಿಂಗಳಲ್ಲಿ 26 ದಿನ ಅಂಗಡಿ ತೆರೆಯುತ್ತೇನೆ, ಹಾಗಾಗಿ ದಿನಕ್ಕೆ 134.

ನಾನು ದಿನಕ್ಕೆ 10 ಲೀಟರ್ ಹಾಲು ಖರ್ಚು ಮಾಡುತ್ತಿದ್ದೆ. ಅಂದರೆ 160 ಕಪ್. ಲೆಕ್ಕದ ಪ್ರಕಾರ ತಿಂಗಳಿಗೆ 3,400 ರೂಪಾಯಿ ಲಾಭ ಇರಬೇಕಿತ್ತು. ಎಲ್ಲಿ ಹೋಯಿತು ಆ ದುಡ್ಡು? ಮೊದಲು ಅನುಮಾನ ಬಂದದ್ದು ಕೆಲಸದವರ ಮೇಲೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯ.

ಮರುದಿನದಿಂದ ಒಂದು ವಾರ ಹಾಲು ಎಷ್ಟು ಕುದಿಸಿದೆ, ದುಡ್ಡು ಎಷ್ಟು ಕಪ್ಪಿಗೆ ಬಂತು, ಪೇಪರ್ ಕಪ್ ಎಷ್ಟು ಖಾಲಿಯಾಯಿತು, ಮೂರನ್ನೂ ಬರೆದಿಟ್ಟೆ. ಹಾಲು 10 ಲೀಟರ್, ಪೇಪರ್ ಕಪ್ 150. ದುಡ್ಡು ಬಂದದ್ದು ಸರಾಸರಿ 142 ಕಪ್ಪಿಗೆ ಮಾತ್ರ. ದಿನಕ್ಕೆ 18 ಕಪ್ ಟೀ ಕಾಣೆ!

ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಸಂಜೆ ಏಳಕ್ಕೆ ಒಂದು ಲೀಟರ್ ಹಾಲಿನ ಟೀ ಮಾಡುತ್ತಿದ್ದೆ, ಅರ್ಧ ಖರ್ಚಾಗುತ್ತಿತ್ತು, ಉಳಿದದ್ದು ಚರಂಡಿಗೆ. ಪರಿಚಯದವರಿಗೆ ಕೈ ತುಸು ಧಾರಾಳವಾಗಿ ಬಗ್ಗುತ್ತಿತ್ತು, 90 ಎಂಎಲ್ ಜಾಗದಲ್ಲಿ 100. ನಾವಿಬ್ಬರೂ ಕುಡಿದದ್ದು ನಾಲ್ಕು. ಪೇಪರ್ ಕಪ್ ಒಂದಕ್ಕೊಂದು ಅಂಟಿಕೊಂಡು ಎರಡೆರಡು ಬರುತ್ತಿದ್ದವು.

ಇಲ್ಲಿ ನನಗೆ ತಿಳಿದದ್ದು ಇಷ್ಟು. ಬದಲಾಗುವ ವೆಚ್ಚ ಮಾರಿದ ಕಪ್ಪಿನ ಹಿಂದೆ ಹೋಗುವುದಿಲ್ಲ, ಕುದಿಸಿದ ಹಾಲಿನ ಹಿಂದೆ ಹೋಗುತ್ತದೆ. ಹಾಲು ಪಾತ್ರೆಗೆ ಸುರಿದ ಕೂಡಲೇ ಖರ್ಚು ಆಗಿಹೋಯಿತು. ಗಿರಾಕಿ ಬಂದು ಕುಡಿಯುತ್ತಾನೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ದಿನದ ಒಟ್ಟು ಸಾಮಾನಿನ ಖರ್ಚನ್ನು ದುಡ್ಡು ಬಂದ ಕಪ್ಪುಗಳಿಂದ ಭಾಗಿಸಬೇಕು. ಸಾಮಾನು 720, ಪೇಪರ್ ಕಪ್ 75, ಒಟ್ಟು 795. ಇದನ್ನು 142ರಿಂದ ಭಾಗಿಸಿದರೆ 5.60. ಉಳಿಯುವುದು 5 ಅಲ್ಲ, 4.40. ಅರವತ್ತು ಪೈಸೆ ತಾನೇ ಅನಿಸಬಹುದು. ಆದರೆ ಇದರಿಂದ ಬ್ರೇಕ್ ಈವನ್ 134ರಿಂದ 153ಕ್ಕೆ ಹಾರಿತು. ನಾನು ಮಾರುತ್ತಿದ್ದದ್ದು 142. ಅಂದರೆ ಅಂಗಡಿ ಅಸಲಿಗೂ ನಡೀತಿರಲಿಲ್ಲ, ತಿಂಗಳಿಗೆ 1,150 ರೂಪಾಯಿ ನಷ್ಟದಲ್ಲಿತ್ತು.

ಹಾಗಾದರೆ ಗಲ್ಲಾ ಯಾಕೆ ಸುಳ್ಳು ಹೇಳಿತು? ಆ 1,150ರಲ್ಲಿ 1,000 ರೂಪಾಯಿ ಒಲೆ, ಪಾತ್ರೆ ಸವೆದ ಬಾಬ್ತು. ಅದು ಕೈಯಿಂದ ಹೋಗುವುದು ಮೂರು ವರ್ಷದ ಮೇಲೆ, ಹೊಸದು ಕೊಳ್ಳುವಾಗ. ಗಲ್ಲಾದಲ್ಲಿ ಕಂಡ ಕೊರತೆ ಬರೀ 150 ರೂಪಾಯಿ. ಅಷ್ಟನ್ನು ಜೇಬಿನಿಂದ ಹಾಕಿ ಮರೆತಿದ್ದೆ.

ಸರಿಪಡಿಸುವುದು ಕಷ್ಟವೇನೂ ಆಗಲಿಲ್ಲ. ಸಂಜೆ ಆರರ ಮೇಲೆ ಅರ್ಧ ಲೀಟರಿನ ಸಣ್ಣ ಪಾತ್ರೆ ಮಾತ್ರ ಇಡುವುದು ಅಂತ ಮಾಡಿದೆ. ಟೀ ಅಳೆಯುವ ಸೌಟಿಗೆ 90 ಎಂಎಲ್ ಗುರುತು ಹಾಕಿದೆ. ಹಾಲು ದಿನಕ್ಕೆ ಒಂಬತ್ತೂಕಾಲು ಲೀಟರಿಗೆ ಇಳಿಯಿತು, ಮಾರಾಟ ಅದೇ 142. ಕಪ್ಪಿನ ಖರ್ಚು 5.20ಕ್ಕೆ ಬಂತು, ಬ್ರೇಕ್ ಈವನ್ 140ಕ್ಕೆ. ಒಬ್ಬ ಹೊಸ ಗಿರಾಕಿಯೂ ಬರದೆ ಅಂಗಡಿ ಗೆರೆ ದಾಟಿತು. ತಿಂಗಳಿಗೆ 306 ರೂಪಾಯಿ. ನಗಬೇಡಿ, ನನಗೆ ಅದೇ ಖುಷಿ.

ಮುಂದೆ ಬೆಲೆಯ ಪ್ರಶ್ನೆ. 12 ರೂಪಾಯಿ ಮಾಡಲು ತುಂಬಾ ಹೆದರಿದ್ದೆ. ಗಿರಾಕಿಗಳು ಹೋಗಿಬಿಟ್ಟರೆ? ಆ ಹೆದರಿಕೆಗೂ ಒಂದು ಸಂಖ್ಯೆ ಇದೆ ಅಂತ ಗೊತ್ತಾದದ್ದು ಆಗಲೇ. 10 ರೂಪಾಯಿಗೆ 142 ಕಪ್ ಮಾರಿದರೆ ದಿನಕ್ಕೆ ಉಳಿಯುವುದು ಸುಮಾರು 681. ಬೆಲೆ 12 ಆದರೆ ಕಪ್ಪಿಗೆ ಉಳಿಯುವುದು 6.80. 681 ಬರಲು 101 ಕಪ್ ಸಾಕು. ಅಂದರೆ ದಿನಕ್ಕೆ 41 ಕಪ್ ಕಡಿಮೆಯಾದರೂ ನಾನು ಈಗಿನದಕ್ಕಿಂತ ಕೆಳಗೆ ಹೋಗುವುದಿಲ್ಲ. ಬೆಲೆ ಏರಿಸಿದೆ. ಮೊದಲ ವಾರ ಗೊಣಗಿದರು, ಕೆಲವರು ಬರುವುದನ್ನೇ ಬಿಟ್ಟರು. ಕೊನೆಗೆ 128ಕ್ಕೆ ನಿಂತಿತು. ತಿಂಗಳಿಗೆ 5,230 ಉಳಿಯತೊಡಗಿತು.

ಆಗ ಪಕ್ಕದ ಒಂದು ಆಫೀಸಿನಿಂದ ದಿನಾ 40 ಕಪ್ ಫ್ಲಾಸ್ಕಿನಲ್ಲಿ ಬೇಕು, ಆದರೆ 8 ರೂಪಾಯಿ ಮಾತ್ರ ಕೊಡುತ್ತೇವೆ ಅಂತ ಕೇಳಿದರು. ಗೆಳೆಯನೊಬ್ಬ ಬೇಡ ಅಂದ. "ಬಾಡಿಗೆ, ಸಂಬಳ ಎಲ್ಲ ಹಂಚಿದರೆ ನಿನಗೇ ಕಪ್ಪಿಗೆ ಹತ್ತು ಬೀಳುತ್ತೆ. ಎಂಟಕ್ಕೆ ಕೊಟ್ಟರೆ ಗಿಟ್ಟುತ್ತೇನೋ?" ಅವನ ಲೆಕ್ಕ ಸರಿ, ಆದರೆ ಅದು ಈ ಪ್ರಶ್ನೆಗೆ ಬೇಕಾದ ಲೆಕ್ಕ ಅಲ್ಲ. ಆಫೀಸಿಗೆ ಟೀ ಕೊಟ್ಟರೂ ಕೊಡದಿದ್ದರೂ ಬಾಡಿಗೆ ಅಷ್ಟೇ. ಹೆಚ್ಚಾಗುವುದು ಸಾಮಾನು ಮಾತ್ರ. ಮೊದಲೇ ಹೇಳಿದ ಆರ್ಡರ್ ಆದ್ದರಿಂದ ಚೆಲ್ಲುವುದೂ ಇಲ್ಲ, ಕಪ್ಪಿಗೆ 5 ರೂಪಾಯಿ. ಉಳಿಕೆ 3, ದಿನಕ್ಕೆ 120. ಒಪ್ಪಿಕೊಂಡೆ. ಆರ್ಡರ್ 100 ಕಪ್ ಆಗಿದ್ದು ಇನ್ನೊಬ್ಬರನ್ನು ಕೆಲಸಕ್ಕೆ ಇಡಬೇಕಾಗಿದ್ದರೆ ಮಾತು ಬೇರೆ. ಆಗ ಸ್ಥಿರ ವೆಚ್ಚವೇ ಒಂದು ಮೆಟ್ಟಿಲು ಮೇಲೇರುತ್ತದೆ, ಲೆಕ್ಕ ಮೊದಲಿನಿಂದ ಶುರು.

ಆದರೂ ಒಂದು ಕಡೆ ಎಡವಿದೆ. ಎರಡು ವಾರದಲ್ಲಿ ಅಂಗಡಿಯ ಮಾರಾಟ 128ರಿಂದ 118ಕ್ಕೆ ಇಳಿಯಿತು. ಆ ಆಫೀಸಿನಿಂದ ಕೆಳಗಿಳಿದು ಬಂದು 12 ರೂಪಾಯಿ ಕೊಡುತ್ತಿದ್ದ ಹತ್ತು ಜನ ಈಗ ಮೇಲೇ ಕೂತು ಅದೇ ಟೀ ಕುಡಿಯುತ್ತಿದ್ದರು! ಅವರಿಂದ ಕಪ್ಪಿಗೆ 6.80 ಬರುತ್ತಿದ್ದದ್ದು ನಿಂತುಹೋಗಿತ್ತು. 120ರಲ್ಲಿ 68 ಹೋಗಿ ಕೈಗೆ ಬಂದದ್ದು ದಿನಕ್ಕೆ 52. ನಷ್ಟವಿಲ್ಲ ಅಂತ ಮುಂದುವರಿಸಿದ್ದೇನೆ.

ಈಗ ತಿಂಗಳಿಗೆ 6,582 ಉಳಿಯುತ್ತದೆ. ಇಷ್ಟು ದಿನ ಇದನ್ನೇ ಲಾಭ ಅನ್ನುತ್ತಿದ್ದೆ. ಮನೆಯಲ್ಲಿ ನೋಟ್‌ಬುಕ್ ನೋಡಿ ಕೇಳಿದರು, "ಕೆಲಸದವರ ಸಂಬಳ ಬರೆದಿದ್ದೀರಿ, ನಿಮ್ಮದೆಲ್ಲಿ?" ಬೇರೆಯವರ ಅಂಗಡಿಯಲ್ಲಿ ಇದೇ ಕೆಲಸ ಮಾಡಿದ್ದರೆ ನನಗೆ 12,000 ಸಿಗುತ್ತಿತ್ತು. ಅದನ್ನೂ ಸ್ಥಿರ ವೆಚ್ಚದ ಪಟ್ಟಿಗೆ ಸೇರಿಸಿದೆ. ಗೆರೆ ಮತ್ತೆ ಮೇಲೆ ಹೋಯಿತು. ಈಗ ಬೇಕಿರುವುದು ದಿನಕ್ಕೆ ಇನ್ನೂ 31 ಕಪ್, ಅದೂ 12 ರೂಪಾಯಿಗೆ. ಹೋದ ವಾರದಿಂದ ಬೆಳಗ್ಗೆ ಒಂದು ಗಂಟೆ ಮುಂಚೆ ಬಾಗಿಲು ತೆಗೆಯುತ್ತಿದ್ದೇನೆ. ನಿನ್ನೆ ಆ ಹೊತ್ತಿನಲ್ಲಿ 19 ಹೋಯಿತು. ಅರ್ಧ ಲೀಟರಿನ ಪಾತ್ರೆಯಲ್ಲೇ ಮಾಡುತ್ತಿದ್ದೇನೆ.