ಬಸ್ಸು ಬಿಟ್ಟು ಡೈರೆಕ್ಟರಿಗೆ ಹೋದಾಗ ನಾನು ಸಿಕ್ಕಿಬಿದ್ದ ಜಾಗ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಆರ್ಕಿಟೆಕ್ಚರ್ ಪಾಠ ಮಾಡುತ್ತೇನೆ. ಒಂದೇ ದತ್ತಾಂಶದ ಪ್ರತಿಗಳು ಹಲವು ಕೋರ್‌ಗಳ ಕ್ಯಾಶ್‌ನಲ್ಲಿದ್ದಾಗ ಅವು ಒಂದಕ್ಕೊಂದು ತಾಳೆಯಾಗುವ ಹಾಗೆ ನೋಡಿಕೊಳ್ಳುವ ಕ್ಯಾಶ್ ಕೊಹೆರೆನ್ಸ್ ಬೋರ್ಡಿನ ಮೇಲೆ ಬರೆದರೆ ಯಾರಿಗೂ ಹಿಡಿಯುವುದಿಲ್ಲ ಅಂತ ಒಂದು ಸಣ್ಣ ಸಿಮ್ಯುಲೇಟರ್ ಬರೆಯಲು ಕೂತೆ.

ಮೊದಲು ಬರೆದದ್ದು ಸ್ನೂಪಿಂಗ್. ಎಲ್ಲ ಕೋರ್‌ಗಳನ್ನೂ ಕೂಡಿಸುವ ಒಂದೇ ಬಸ್ಸು, ಬೇಕಾದದ್ದು ತನ್ನ ಕ್ಯಾಶ್‌ನಲ್ಲಿ ಸಿಗದೆ ಯಾವ ಕೋರ್‌ಗೆ ಮಿಸ್ ಆದರೂ ಅದರ ಮೇಲೆ ಕೂಗುತ್ತದೆ, ಉಳಿದವೆಲ್ಲ ಕೇಳಿಸಿಕೊಂಡು ತಮ್ಮ ಕ್ಯಾಶ್ ನೋಡಿಕೊಳ್ಳುತ್ತವೆ. ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ "ಎರಡು ಬೆಣ್ಣೆ, ಒಂದು ಓಪನ್" ಅಂತ ಕೂಗಿದರೆ ಹಂಚಿನ ಮುಂದಿರುವವನಿಂದ ಗಲ್ಲಾದವರೆಗೆ ಎಲ್ಲರಿಗೂ ಕೇಳುವ ಹಾಗೆ. ನಾಲ್ಕು ಕೋರ್‌ಗೆ ಸೊಗಸಾಗಿ ಓಡಿತು. ಆದರೆ ನಾನಿಟ್ಟ ಲೆಕ್ಕದಲ್ಲಿ ಪ್ರತಿ ಕೋರ್‌ಗೆ 100 ಸೈಕಲ್‌ಗೊಂದು ಮಿಸ್, ಬಸ್ಸಿಗೆ ಒಂದು ಕೂಗಿಗೆ 5 ಸೈಕಲ್. ಅಂದರೆ 20 ಕೋರ್ ಆಗುವಷ್ಟರಲ್ಲಿ ಬಸ್ಸು ಪೂರ್ತಿ ತುಂಬುತ್ತದೆ. ಆಮೇಲೆ ಎಷ್ಟು ಕೋರ್ ಸೇರಿಸಿದರೂ ಸಾಲು ಉದ್ದವಾಗುತ್ತದೆಯೇ ಹೊರತು ಕೆಲಸ ಹೆಚ್ಚುವುದಿಲ್ಲ.

ಹಾಗಾಗಿ ಡೈರೆಕ್ಟರಿ. ಮೆಮೊರಿಯ ಪ್ರತಿ ಬ್ಲಾಕಿಗೂ ಒಂದು ಹೋಮ್ ನೋಡ್. ಆ ಬ್ಲಾಕ್ ಯಾರ ಹತ್ತಿರ ಇದೆ ಅನ್ನುವ ಲೆಕ್ಕ ಅದರ ಕೈಯಲ್ಲಿ. ಕೂಗುವ ಬದಲು ಅದೊಂದನ್ನೇ ಕೇಳಿದರೆ ಸಾಕು. ಈ ಉಪಾಯ ಹೊಸದಲ್ಲ: ಸೆನ್ಸಿಯರ್ ಮತ್ತು ಫೋಟ್ರಿಯರ್ ಇದನ್ನು ಬರೆದದ್ದು 1978ರಲ್ಲಿ, ಗುಡ್‌ಮನ್ನರ ಸ್ನೂಪಿಂಗ್ ಲೇಖನ ಬಂದದ್ದು 1983ರಲ್ಲಿ. ಪಾಠದಲ್ಲಿ ನಾವು ಹೇಳುವ ಕ್ರಮ ಉಲ್ಟಾ. ಲೆಕ್ಕ ಇಡಲು ಜಾಗ ಬೇಕು ನಿಜ: 64 ಬೈಟಿನ ಬ್ಲಾಕಿಗೆ, 64 ಕೋರ್ ಇದ್ದರೆ, ಕೋರ್‌ಗೊಂದು ಬಿಟ್ ಅಂತ 64 ಬಿಟ್, ಅಂದರೆ ದತ್ತಾಂಶದ 12.5%.

ರೀಡ್ ಮಿಸ್ ಹೀಗೆ ನಡೆಯುತ್ತದೆ. ಕೋರ್ 3ಕ್ಕೆ 0x540 ಓದಬೇಕು. ಅದು 21ನೇ ಬ್ಲಾಕ್. 16 ನೋಡ್‌ಗಳಲ್ಲಿ ಹಂಚಿದರೆ ಹೋಮ್ 5. ಅದನ್ನು ತಿದ್ದಿ ಇಟ್ಟುಕೊಂಡಿರುವ ಮಾಲೀಕ ಕೋರ್ 9. ಕೆಳಗೆ ಮೊದಲ ಅಂಕಿ ಕಳಿಸಿದ ಸೈಕಲ್, C ಅಂದರೆ ಕೋರ್, H ಅಂದರೆ ಹೋಮ್; GetS ಓದುವ ಕೋರಿಕೆ, Fwd-GetS ಅಂದರೆ ಹೋಮ್ ಅದನ್ನು ಮಾಲೀಕನಿಗೆ ದಾಟಿಸುವುದು.

```
120  C3 -> H5  GetS      0x540
131  H5 -> C9  Fwd-GetS  0x540
143  C9 -> C3  Data      0x540
143  C9 -> H5  Data      0x540
```

ಕೊನೆಯ ಸಾಲು ಯಾಕೆ ಅಂದರೆ, ಇನ್ನು ಮೇಲೆ ಬ್ಲಾಕ್ ಇಬ್ಬರ ಹತ್ತಿರವೂ ಓದಲಿಕ್ಕೆ ಮಾತ್ರ ಇರುತ್ತದೆ; ಮೆಮೊರಿಯಲ್ಲೂ ಹೊಸ ಪ್ರತಿ ಇರಬೇಕು. ಅದು ಬರುವ ತನಕ ಆ ಬ್ಲಾಕಿನ ಬೇರೆ ಕೋರಿಕೆಗಳನ್ನು ಹೋಮ್ ತಡೆದಿಡುತ್ತದೆ.

ಒಂದು ದಿನ ಜೊತೆಯ ಕಿರಿಯ ಮೇಷ್ಟ್ರು ಬಂದು, "ಸರ್, ಹದಿನಾರು ಕೋರ್ ಹಾಕಿದ್ರೆ ಒಮ್ಮೊಮ್ಮೆ ನಿಂತೇ ಬಿಡ್ತೈತ್ರಿ" ಅಂದರು. ದೋಷವಿದ್ದರೆ ಎರರ್ ಬರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಏನೂ ಬರಲಿಲ್ಲ, ಸುಮ್ಮನೆ ನಿಂತಿತ್ತು. 5000 ಸೈಕಲ್ ದಾಟಿದರೂ ಉತ್ತರ ಸಿಗದ ಕೋರಿಕೆಯ ಬ್ಲಾಕಿನ ಪೂರ್ತಿ ಚರಿತ್ರೆ ಪ್ರಿಂಟ್ ಆಗುವ ಹಾಗೆ ಮಾಡಿದೆ.

```
8120  C3 -> H5  GetS      0x540
8124  C9 -> H5  PutM      0x540
8131  H5 -> C9  Fwd-GetS  0x540
```

ಕೋರ್ 3ರ ಕೋರಿಕೆ ಇನ್ನೂ ದಾರಿಯಲ್ಲಿರುವಾಗಲೇ ಕೋರ್ 9 ಜಾಗ ಸಾಲದೆ ಆ ಬ್ಲಾಕನ್ನು ಹೋಮ್‌ಗೆ ಮರಳಿಸಲು PutM ಕಳಿಸಿದೆ. ನನ್ನ ಕೋಡು ಕಳಿಸಿದ ಕೂಡಲೇ ಬ್ಲಾಕನ್ನು ಎಸೆದುಬಿಡುತ್ತಿತ್ತು. Fwd-GetS ಬಂದಾಗ ಅಲ್ಲಿ ಕೊಡಲಿಕ್ಕೆ ಏನೂ ಇಲ್ಲ. ಅತ್ತ ಹೋಮ್, Fwd-GetS ಕಳಿಸಿದ ಮೇಲೆ 9 ಮಾಲೀಕನಲ್ಲ ಅಂತ ತಡವಾಗಿ ಬಂದ PutMಅನ್ನು ಬಿಸಾಕಿತು. ಎಲ್ಲರೂ ಎಲ್ಲರಿಗಾಗಿ ಕಾಯುತ್ತಾ ಕೂತರು.

ಪರಿಹಾರ: ಹೋಮ್‌ನಿಂದ PutM ಮುಟ್ಟಿತು ಅನ್ನುವ Put-Ack ಬರುವವರೆಗೆ ಕೋರ್ 9 ಬ್ಲಾಕನ್ನು ಕೈಬಿಡಬಾರದು. ಮಧ್ಯೆ Fwd-GetS ಬಂದರೆ ಕೋರ್ 3ಕ್ಕೂ ಹೋಮ್‌ಗೂ ದತ್ತಾಂಶ ಕೊಡಬೇಕು. ಹೋಮ್ ಕೂಡ ಹಳಸಿದ PutMಗೆ ದತ್ತಾಂಶ ಬರೆಯದೆ, 9ನ್ನು ಓದುಗರ ಪಟ್ಟಿಯಿಂದ ತೆಗೆದು Put-Ack ಕಳಿಸಬೇಕು.

ಬರೆದೆ. ನಿಲ್ಲುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಇದು. ಹೋಮ್ ಮೊದಲು Fwd-GetS ಕಳಿಸುತ್ತದೆ, ಆಮೇಲೆ Put-Ack. ನೈಜವಾಗಿ ಕಾಣಲಿ ಅಂತ ನಾನೇ ನೆಟ್‌ವರ್ಕಿನಲ್ಲಿ ಪ್ರತಿ ಸಂದೇಶಕ್ಕೂ ಬೇರೆ ಬೇರೆ ತಡ ಸೇರಿಸಿದ್ದೆ. ಅಪರೂಪಕ್ಕೆ Put-Ack ಮುಂದೆ ಓಡಿ ಮೊದಲು ತಲುಪುತ್ತಿತ್ತು. ಕೋರ್ 9 ನಿಶ್ಚಿಂತೆಯಿಂದ ಬ್ಲಾಕ್ ಬಿಡುತ್ತಿತ್ತು, ಬೆನ್ನಿಗೇ ಬಂದ Fwd-GetSಗೆ ಮತ್ತೆ ಬರಿಗೈ. ಕೂಗಿದರೆ ಎಲ್ಲರಿಗೂ ಒಂದೇ ಕ್ರಮದಲ್ಲಿ ಕೇಳುತ್ತದೆ. ಚೀಟಿ ಬರೆದು ಇಬ್ಬರು ಹುಡುಗರ ಕೈಲಿ ಕಳಿಸಿದರೆ ಯಾರು ಮೊದಲು ಮುಟ್ಟುತ್ತಾನೋ ಹೇಳಲಾಗದು. ಬಸ್ಸು ಪುಕ್ಕಟೆ ಕೊಡುತ್ತಿದ್ದ ಆ ಕ್ರಮವನ್ನು ನಾನು ಬಸ್ಸಿನ ಜೊತೆಗೇ ಕಳೆದುಕೊಂಡಿದ್ದೆ. ಹೋಮ್‌ನಿಂದ ಒಂದು ಕೋರ್‌ಗೆ ಹೋಗುವ ಈ ಸಂದೇಶಗಳು ಕಳಿಸಿದ ಕ್ರಮದಲ್ಲೇ ತಲುಪಬೇಕು ಅಂತ ಜೋಡಿಗೊಂದು ಸಾಲು ಇಟ್ಟ ಮೇಲೆ ನಿಲ್ಲುವುದು ತಪ್ಪಿತು.

"ಅಷ್ಟೆಲ್ಲಾ ಯಾಕ್ರಿ ಸರ್, ಬಸ್ಸೇ ಚಲೋ ಇತ್ತಲ್ಲ" ಅಂದರು ಮೇಷ್ಟ್ರು. ನಾಲ್ಕು ಕೋರ್‌ಗೆ ಅವರ ಮಾತು ನಿಜವೇ: ಮೇಲಿನ ಮಿಸ್‌ಗೆ ಡೈರೆಕ್ಟರಿಯಲ್ಲಿ ಮೂರು ಹೆಜ್ಜೆ, ಬಸ್ಸಿನಲ್ಲಿ ಕೂಗು ಮತ್ತು ಉತ್ತರ, ಎರಡೇ. ಅದಕ್ಕೇ ಲ್ಯಾಬಿನಲ್ಲಿ ಎರಡನ್ನೂ ಉಳಿಸಿದ್ದೇನೆ, ಆ ಎರಡು ದೋಷಗಳನ್ನು ಬೇಕೆಂದಾಗ ಮತ್ತೆ ಹಾಕಲು ಒಂದು ಸ್ವಿಚ್ ಸಮೇತ.